30 ಡಿಗ್ರಿ ಬ್ಲಾಕ್, 80 ಎಂ.ಎಂ., ಎರಡು ರೀಡಿಂಗ್: 0.40 ಬಂತು, 0.30 ಕೂಡ ಬಂತು

ಹೊಸೂರಿನಲ್ಲಿ ನಮ್ಮದೊಂದು ಸಣ್ಣ ಶೆಡ್. ಒಂದು ಮಿಲ್ಲಿಂಗ್, ಒಂದು ಲೇತ್, ಒಂದು ಸರ್ಫೇಸ್ ಗ್ರೈಂಡರ್, ಅಷ್ಟೇ. ಸಿಪ್ಕಾಟ್ ಕಡೆಯ ಕಂಪನಿಗಳಿಗೆ ಫಿಕ್ಸ್‌ಚರ್ ಮಾಡಿಕೊಡುವವರು ಮಾಡಲು ಆಗದ ಚಿಲ್ಲರೆ ಕೆಲಸ ನಮ್ಮ ಕಡೆ ಬರುತ್ತದೆ. ಹೋದ ವಾರ ಬಂದದ್ದು ಆರು ವೆಡ್ಜ್ ಬ್ಲಾಕ್. ಇಎನ್8 ಉಕ್ಕು. ಕೆಳಗಿನ ತಳ 90 ಎಂ.ಎಂ. ಉದ್ದ, ತೆಳು ತುದಿ 10 ಎಂ.ಎಂ. ಎತ್ತರ, ಮೇಲಿನ ಮುಖ 30° ಇಳಿಜಾರು. ಇಳಿಜಾರಿನ ಮೇಲೆ ಟಾಲರೆನ್ಸ್ ±0°15'. ನೋಡೋಕೆ ಸುಲಭದ ಕೆಲಸ. ಎರಡು ದಿನ ಹಾಳಾಯಿತು, ಯಾಕೆ ಅಂತ ಬರೆದಿಡುತ್ತಿದ್ದೇನೆ.

ಮೊದಲು ಸೆಟ್ಟಿಂಗ್. ನನ್ನ ಹತ್ತಿರ ಇರುವುದು ಹಳೇ ಟಿಲ್ಟಿಂಗ್ ವೈಸ್, ಅದರ ಮೇಲೆ ಡಿಗ್ರಿ ಗೆರೆಗಳಿವೆ. ಗೆರೆ ಎಷ್ಟು ದಪ್ಪ ಅಂದರೆ ಒಂದೇ ಗೆರೆಯೊಳಗೆ ಕಾಲು ಡಿಗ್ರಿ ಮುಚ್ಚಿಹೋಗುತ್ತದೆ. ಅಂದರೆ ನನ್ನ ಇಡೀ ಟಾಲರೆನ್ಸ್ ಗೆರೆಯ ದಪ್ಪದಲ್ಲೇ ಇದೆ. ಇದು ಗೊತ್ತಿದ್ದೂ, 30ರ ಗೆರೆಗೆ ಹಿಡಿದು, ಎರಡು ಬ್ಲಾಕ್ ಕಟ್ ಮಾಡಿ ನೋಡೋಣ, ಆಮೇಲೆ ಸರಿ ಮಾಡೋಣ ಅಂತ ಶುರು ಮಾಡಿದೆ.

ಎರಡು ಬ್ಲಾಕ್ ಆಯಿತು. ಈಗ ಚೆಕ್ ಮಾಡಬೇಕು. ಬೆವೆಲ್ ಪ್ರೊಟ್ರ್ಯಾಕ್ಟರ್ ಇದೆ, ವರ್ನಿಯರ್ ಇರುವಂಥದ್ದು, 5 ಮಿನಿಟ್‌ವರೆಗೆ ಓದುತ್ತದೆ. 15 ಮಿನಿಟ್ ಟಾಲರೆನ್ಸ್ ನೋಡಲು 5 ಮಿನಿಟ್ ಉಪಕರಣ ಅಂದರೆ ಬಾರ್ಡರಿನಲ್ಲಿ ಇರುವ ಜಾಬನ್ನು ಹೌದು ಅನ್ನಲೂ ಆಗಲ್ಲ, ಇಲ್ಲ ಅನ್ನಲೂ ಆಗಲ್ಲ. ಅದಕ್ಕೆ ಕೋನವನ್ನು ಬಿಟ್ಟು ಎಂ.ಎಂ.ಗೆ ತಿರುಗಿಸಿ ಡಯಲ್‌ನಲ್ಲಿ ನೋಡುವುದು ಒಳ್ಳೆಯದು. ಡಯಲ್ ಒಂದು ಗೀಟಿಗೆ 0.01 ತೋರಿಸುತ್ತದೆ, ಅದರ ಮುಂದೆ ಪ್ರೊಟ್ರ್ಯಾಕ್ಟರ್ ಏನೂ ಅಲ್ಲ.

ತಿರುಗಿಸುವ ಲೆಕ್ಕ ಎಲ್ಲರಿಗೂ ಗೊತ್ತಿರುವುದೇ. ಕೋನ ಎಷ್ಟು ತಪ್ಪಬಹುದೋ ಅದರ ಟ್ಯಾನ್ ತೆಗೆದು ಉದ್ದದಿಂದ ಗುಣಿಸುವುದು. ನಾನು ತಲೆಯಲ್ಲಿ ಇಟ್ಟುಕೊಂಡಿರುವ ಅಂಕಿ ಒಂದೇ: 100 ಎಂ.ಎಂ.ಗೆ 1 ಮಿನಿಟ್ ಅಂದರೆ 0.029. ಹತ್ತಿರ ಹತ್ತಿರ ಮೂರು ಗೀಟು. 15 ಮಿನಿಟ್‌ಗೆ 0.436. 80 ಎಂ.ಎಂ.ಗೆ ಅದರ ಎಂಬತ್ತು ಪರ್ಸೆಂಟ್, 0.349. ಸಣ್ಣ ಕೋನಗಳಲ್ಲಿ ಟ್ಯಾನ್ ನೇರವಾಗಿ ಏರುತ್ತದೆ, ಹಾಗಾಗಿ ಕ್ಯಾಲ್ಕುಲೇಟರ್ ಇಲ್ಲದೆಯೂ ಅಂದಾಜು ಹಿಡಿಯಬಹುದು.

ಆದರೂ ಕ್ಯಾಲ್ಕುಲೇಟರ್‌ನಲ್ಲಿ ಮೊದಲು ಒಂದು ಎಡವಟ್ಟು ಮಾಡಿದೆ. ಅವಸರದಲ್ಲಿ 0°15' ಅನ್ನುವುದನ್ನು 0.15 ಅಂತ ಒತ್ತಿದೆ, 0.209 ಬಂತು. ತಲೆಯೊಳಗಿನ ಮೂರು ಗೀಟಿನ ಲೆಕ್ಕಕ್ಕೆ ತಾಳೆ ಆಗಲಿಲ್ಲ, ಅದಕ್ಕೇ ಸಿಕ್ಕಿಬಿದ್ದೆ. 15 ಮಿನಿಟ್ ಅಂದರೆ 15/60, ಅಂದರೆ 0.25 ಡಿಗ್ರಿ. 0.15 ಡಿಗ್ರಿ ಅಂದರೆ 9 ಮಿನಿಟ್ ಮಾತ್ರ. ಈ ತಪ್ಪು ಮಾಡಿದರೆ ಲಿಮಿಟ್ ಯಾವಾಗಲೂ ಚಿಕ್ಕದೇ ಆಗುತ್ತದೆ, ಒಳ್ಳೇ ಜಾಬ್ ರಿಜೆಕ್ಟ್ ಆಗುತ್ತದೆ, ಹೋಗುವುದು ನಮ್ಮ ದುಡ್ಡು. ಉಲ್ಟಾ ತಪ್ಪು ಇನ್ನೂ ಕೆಟ್ಟದ್ದು. ಈಗಿನ ಕ್ಯಾಡ್ ಡ್ರಾಯಿಂಗ್‌ಗಳಲ್ಲಿ ±0.15° ಅಂತಲೇ ಬರೆದಿರುತ್ತಾರೆ. ಅದನ್ನು 15 ಮಿನಿಟ್ ಅಂತ ಓದಿಕೊಂಡರೆ ಕೆಟ್ಟ ಜಾಬ್ ಪಾಸ್ ಆಗಿ ಗಿರಾಕಿಯ ಕೈ ಸೇರುತ್ತದೆ. ಡ್ರಾಯಿಂಗ್‌ನಲ್ಲಿ ಆ ಸಣ್ಣ ಗೀಟು ಇದೆಯಾ, ಚುಕ್ಕಿ ಇದೆಯಾ ಅಂತ ಕನ್ನಡಕ ಹಾಕಿಕೊಂಡು ನೋಡಿ. ಜೆರಾಕ್ಸ್ ಕಾಪಿಯಲ್ಲಂತೂ ಎರಡೂ ಒಂದೇ ಥರ ಕಾಣುತ್ತವೆ.

ಸರಿ, ಲಿಮಿಟ್ 0.349 ಅಂತ ಬರೆದುಕೊಂಡೆ. ಇನ್ನು ಅಳತೆ. ಮಿಲ್ಲಿಂಗ್ ಟೇಬಲ್ ಮೇಲೆಯೇ ಬ್ಲಾಕನ್ನು ತಳ ಕೆಳಗೆ ಮಾಡಿ ಇಟ್ಟೆ, ಉದ್ದ ಎಕ್ಸ್ ಕಡೆಗೆ. ಸ್ಪಿಂಡಲ್‌ನಲ್ಲಿ ಡಯಲ್. ತೆಳು ತುದಿಯ ಹತ್ತಿರ ಇಳಿಜಾರಿನ ಮೇಲೆ ಮುಟ್ಟಿಸಿ ಸೊನ್ನೆ ಮಾಡಿ, ಡಯಲ್ ಮೇಲೆತ್ತಿ, ಡಿ.ಆರ್.ಒ. ನೋಡಿಕೊಂಡು ಎಕ್ಸ್‌ನಲ್ಲಿ ಸರಿಯಾಗಿ 80.00 ಸರಿಸಿ, ಮತ್ತೆ ಇಳಿಸಿ ಡಯಲ್ ಸೊನ್ನೆಗೆ ಬರುವವರೆಗೆ ಝಡ್ ನೋಡಿದೆ. 30°ಗೆ ಎತ್ತರದ ವ್ಯತ್ಯಾಸ 46.19 ಬರಬೇಕು. ಬಂದದ್ದು 46.59. ಎರಡನೇ ಬ್ಲಾಕಿಗೂ ಅಷ್ಟೇ, ಸೆಟ್ಟಿಂಗ್ ಒಂದೇ ಅಲ್ವಾ.

0.40 ಜಾಸ್ತಿ. ಲಿಮಿಟ್ 0.349. ಎರಡೂ ಔಟ್. ಒಂದು ಮೂಲೆಗೆ ಇಟ್ಟೆ, ಮೂಡ್ ಹೋಯಿತು, ಊಟಕ್ಕೆ ಹೋದೆ.

ಪಕ್ಕದ ಶೆಡ್ಡಿನಲ್ಲಿ ಒಬ್ಬ ಅಣ್ಣ ಇದ್ದಾರೆ. ಬೆಂಗಳೂರಿನಲ್ಲಿ ಟೂಲ್‌ರೂಮಿನಲ್ಲಿ ಬಹಳ ವರ್ಷ ಕೆಲಸ ಮಾಡಿ ರಿಟೈರ್ ಆಗಿ ಈಗ ಇಲ್ಲಿ ಸ್ವಂತಕ್ಕೆ ಗೇಜ್ ಕೆಲಸ ಮಾಡುತ್ತಾರೆ. ಕೆಲಸದವರ ಹತ್ತಿರ ತಮಿಳು, ಮನೆಯಲ್ಲಿ ತೆಲುಗು, ನನ್ನ ಹತ್ತಿರ ಕನ್ನಡ. ಅವರ ಹತ್ತಿರ 100 ಎಂ.ಎಂ. ಸೈನ್ ಬಾರ್ ಮತ್ತು ಸ್ಲಿಪ್ ಗೇಜ್ ಡಬ್ಬ ಇದೆ. ಸುಮ್ನೆ ಒಂದು ಖಾತ್ರಿಗೆ ಅಂತ ಬ್ಲಾಕ್ ತಗೊಂಡು ಹೋದೆ.

30°ಗೆ ಸೈನ್ ಬಾರ್ ಸೆಟ್ ಮಾಡುವುದು ಬಹಳ ಸುಲಭ, ಸೈನ್ 30 ಅಂದರೆ ಅರ್ಧ, ಹಾಗಾಗಿ ಒಂದು ರೋಲರ್ ಕೆಳಗೆ 50 ಎಂ.ಎಂ. ಸ್ಲಿಪ್ ಒಂದೇ ಸಾಕು. ಬ್ಲಾಕನ್ನು ಅದರ ಮೇಲೆ ಇಟ್ಟರು, ದಪ್ಪ ತುದಿ ಕೆಳಗೆ ಸ್ಟಾಪ್ ಪ್ಲೇಟಿಗೆ ಒರಗಿ, ತೆಳು ತುದಿ ಮೇಲೆ. ಆಗ ಇಳಿಜಾರಿನ ಮುಖ ಸರ್ಫೇಸ್ ಪ್ಲೇಟಿಗೆ ಸಮಾಂತರವಾಗಿ ಮಲಗುತ್ತದೆ. ಡಯಲ್ ಸ್ಟ್ಯಾಂಡ್ ಎಳೆದುಕೊಂಡು ಹೋದರು. ನಾನು ಲಿಮಿಟ್ 80 ಎಂ.ಎಂ.ಗೆ ಹಾಕಿಕೊಂಡಿದ್ದೇನೆ ಅಂದಿದ್ದಕ್ಕೆ ಇಳಿಜಾರಿನ ಮುಖದ ಮೇಲೆ ಸ್ಕೇಲ್ ಇಟ್ಟು 80ಕ್ಕೆ ಗುರುತು ಹಾಕಿ, ಅಲ್ಲಿಂದ ಅಲ್ಲಿಗೆ ನೋಡಿದರು. ದಪ್ಪ ತುದಿಯ ಕಡೆ 0.30 ಎತ್ತರ.

"ಜಾಬ್ ಓಕೆ ಅಲ್ವೇನಪ್ಪ, ಯಾಕೆ ರಿಜೆಕ್ಟ್ ಅಂತೀಯ?"

ನನಗೆ ತಲೆ ಕೆಟ್ಟಿತು. ಅದೇ ಬ್ಲಾಕ್, ಅದೇ 80 ಎಂ.ಎಂ., ನನ್ನಲ್ಲಿ 0.40, ಇವರಲ್ಲಿ 0.30. ಮೊದಲು ನನ್ನ ಡಿ.ಆರ್.ಒ. ಮೇಲೆ ಅನುಮಾನ ಬಂತು. ಆಮೇಲೆ ಅವರ ಸ್ಲಿಪ್ ಗೇಜ್ ಮೇಲೆ ಬಂತು, ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಅವತ್ತು ಕಾಫಿ ಸಿಗುತ್ತಿರಲಿಲ್ಲ. ಅದನ್ನು ಲೆಕ್ಕ ಹಾಕಿಯೇ ನೋಡಿದೆವು: ಸ್ಲಿಪ್ ಕೆಳಗೆ 0.01 ಧೂಳು ಇದ್ದರೂ 100 ಎಂ.ಎಂ. ಸೈನ್ ಬಾರಿನಲ್ಲಿ 30° ಹತ್ತಿರ ಕೋನ ಅರ್ಧ ಮಿನಿಟ್ ಕೂಡ ಬದಲಾಗಲ್ಲ. 80 ಎಂ.ಎಂ.ನಲ್ಲಿ ಅದು ಒಂದು ಗೀಟು. ಹತ್ತು ಗೀಟಿನ ವ್ಯತ್ಯಾಸ ಅಲ್ಲಿಂದ ಬರಲ್ಲ.

ಆಗ ಅವರು ಚಾಕ್‌ಪೀಸ್ ತೆಗೆದುಕೊಂಡು ನೆಲದ ಮೇಲೆ ಬರೆದರು. ಎರಡು ರೀಡಿಂಗೂ ಸರಿ. ಎರಡರಲ್ಲೂ 80 ಅನ್ನುವುದು ಬೇರೆ ಬೇರೆ 80, ಮತ್ತು ಡಯಲ್ ನೋಡುತ್ತಿರುವ ದಿಕ್ಕು ಬೇರೆ ಬೇರೆ.

ಹೇಗೆ ಅಂದರೆ, ಸೈನ್ ಬಾರ್ ಮೇಲೆ ಡಯಲ್ ಓಡುವುದು ಇಳಿಜಾರಿನ ಉದ್ದಕ್ಕೇ, ಮತ್ತು ಅದು ನೋಡುವುದು ಆ ಮುಖಕ್ಕೆ ನೇರ ಲಂಬವಾಗಿ. ಅಲ್ಲಿ 80 × ಕೋನದ ತಪ್ಪು, ಅಷ್ಟೇ, ಬೇರೆ ಏನೂ ಇಲ್ಲ. ನನ್ನ ಅಳತೆಯಲ್ಲಿ 80 ಅನ್ನುವುದು ತಳದ ಉದ್ದಕ್ಕೆ. ತಳದಲ್ಲಿ 80 ಹೋದರೆ ಇಳಿಜಾರಿನ ಮೇಲೆ 92.4 ಹೋದಂತೆ, ಅಂದರೆ 80 ಭಾಗಿಸು ಕಾಸ್ 30. ಹಾಗಾಗಿ ಮುಖ ಅದರ ಲಂಬ ದಿಕ್ಕಿನಲ್ಲಿ ಸರಿಯುವುದೇ ಜಾಸ್ತಿ, ಸುಮಾರು 0.346. ಅದು ಸಾಲದು ಅಂತ ನಾನು ಅದನ್ನು ಲಂಬವಾಗಿ ನೋಡುತ್ತಿಲ್ಲ, ನೆಟ್ಟಗೆ ಮೇಲಿನಿಂದ ಝಡ್‌ನಲ್ಲಿ ನೋಡುತ್ತಿದ್ದೇನೆ. ಓರೆಯಾಗಿರುವ ಪದರವನ್ನು ನೆಟ್ಟಗೆ ಅಳೆದರೆ ದಪ್ಪ ಜಾಸ್ತಿ ಕಾಣುತ್ತದೆ, ಓರೆಯಾಗಿ ಕತ್ತರಿಸಿದ ಬಾಳೆದಿಂಡಿನ ಬಿಲ್ಲೆ ಅಗಲ ಕಾಣುವ ಹಾಗೆ. ಅಲ್ಲಿ ಇನ್ನೊಂದು ಸಲ ಕಾಸ್ 30ರಿಂದ ಭಾಗಿಸಬೇಕು. 0.346 ಹೋಗಿ 0.40 ಆಯಿತು. ಕಾಸ್ ಎರಡು ಸಲ ಬಂತು. ಕಾಸ್ 30ರ ವರ್ಗ ಮುಕ್ಕಾಲು. ಮುಕ್ಕಾಲಿನಿಂದ ಭಾಗಿಸಿದರೆ 0.30 ಇದ್ದದ್ದು ಸರಿಯಾಗಿ 0.40.

ಅಂದರೆ ರೀಡಿಂಗ್ ತಪ್ಪಲ್ಲ, ನಾನು ಹಾಕಿಕೊಂಡ ಲಿಮಿಟ್ ತಪ್ಪು. 0.349 ಅನ್ನುವುದು ಅಣ್ಣನ ಅಳತೆಗೆ ಸರಿಯಾದ ಲಿಮಿಟ್. ನನ್ನ ಅಳತೆಗೆ ಬೇರೆಯೇ ಲಿಮಿಟ್ ಬೇಕಿತ್ತು. ಅದನ್ನು ಹೀಗೆ ತೆಗೆಯಬೇಕು, ಮೊಬೈಲ್‌ನಲ್ಲಿ ಶೀಟ್ ಮಾಡಿ ಇಟ್ಟುಕೊಂಡಿದ್ದೇನೆ:

```
=80*TAN(RADIANS(15/60))
=80*(TAN(RADIANS(30+15/60))-TAN(RADIANS(30)))
=80*(TAN(RADIANS(30))-TAN(RADIANS(30-15/60)))
```

ಮೊದಲನೇ ಸಾಲು ಸೈನ್ ಬಾರ್ ಮೇಲೆ ಇಳಿಜಾರಿನ ಉದ್ದಕ್ಕೆ ನೋಡುವಾಗ, 0.349. ಎರಡನೇದು ಮತ್ತು ಮೂರನೇದು ತಳದ ಉದ್ದಕ್ಕೆ ಸರಿಸಿ ಎತ್ತರ ನೋಡುವಾಗ. ಮೇಲಕ್ಕೆ 0.467, ಕೆಳಕ್ಕೆ 0.464. ಎರಡೂ ಕಡೆ ಒಂದೇ ಇರಲ್ಲ, ಯಾಕಂದರೆ ಕಡಿದಾದಷ್ಟೂ ಟ್ಯಾನ್ ಜೋರಾಗಿ ಏರುತ್ತದೆ. 15 ಮಿನಿಟ್‌ಗೆ ಈ ವ್ಯತ್ಯಾಸ ಲೆಕ್ಕಕ್ಕಿಲ್ಲ, ಒಂದೆರಡು ಡಿಗ್ರಿ ಟಾಲರೆನ್ಸ್ ಇದ್ದರೆ ಮಾತ್ರ ನೋಡಬೇಕು. RADIANS ಹಾಕುವುದನ್ನು ಮರೆತರೆ ಶೀಟ್ ಏನೇನೋ ಅಂಕಿ ಕೊಡುತ್ತದೆ, ಆದರೆ ಅದು ಎಷ್ಟು ಹುಚ್ಚಾಗಿರುತ್ತದೆ ಅಂದರೆ ನೋಡಿದ ಕೂಡಲೇ ಗೊತ್ತಾಗುತ್ತದೆ.

ನನ್ನ 0.40 ಈ 0.467ರ ಒಳಗೆ ಇದೆ. ಕೋನಕ್ಕೆ ತಿರುಗಿಸಿದರೆ 30°13', ಎರಡು ಮಿನಿಟ್ ಬಾಕಿ ಉಳಿಸಿಕೊಂಡು ಪಾಸ್.

ಈ ತಪ್ಪು ಉಲ್ಟಾ ಆಗಿದ್ದರೆ ಅಪಾಯ. 0.467 ಅನ್ನು ಬರೆದುಕೊಂಡು, ಸೈನ್ ಬಾರ್ ಮೇಲೆ ಇಳಿಜಾರಿನ 80ಕ್ಕೆ ಅದೇ ಲಿಮಿಟ್ ಹಿಡಿದಿದ್ದರೆ 20 ಮಿನಿಟ್ ತಪ್ಪಿರುವ ಬ್ಲಾಕೂ ಪಾಸ್ ಆಗುತ್ತಿತ್ತು. ಇನ್ನು ಕೋನ ಜಾಸ್ತಿ ಆದಷ್ಟೂ ಈ ಗೊಂದಲ ದೊಡ್ಡದು. 15°ಯಲ್ಲಿ ಎರಡು ಅಳತೆಗೂ ವ್ಯತ್ಯಾಸ ಏಳು ಪರ್ಸೆಂಟ್, ಯಾರಿಗೂ ಗೊತ್ತಾಗಲ್ಲ. 30°ಯಲ್ಲಿ ಮೂರರಲ್ಲಿ ಒಂದು ಭಾಗ ಜಾಸ್ತಿ. 45°ಯಲ್ಲಿ ಎರಡು ಪಟ್ಟು, 60°ಯಲ್ಲಿ ನಾಲ್ಕು ಪಟ್ಟು. ಚಪ್ಪಟೆ ಮುಖ ಮತ್ತು ಎಲ್ ಬ್ಲಾಕ್ ಮಾತ್ರ ನೋಡಿ ಅಭ್ಯಾಸ ಇರುವವರಿಗೆ ಇದು ತಲೆಗೇ ಬರಲ್ಲ, ಯಾಕಂದರೆ ಅಲ್ಲಿ ಉದ್ದ ಮತ್ತು ಅಳೆಯುವ ದಿಕ್ಕು ತಾವಾಗಿಯೇ ಒಂದಕ್ಕೊಂದು ಲಂಬ. ನಾನೂ ಅವರಲ್ಲಿ ಒಬ್ಬ.

ನನ್ನ ಅಳತೆಯಲ್ಲಿ ಇನ್ನೂ ಒಂದು ಓಟೆ ಇತ್ತು, ಅದನ್ನೂ ಅಣ್ಣನೇ ತೋರಿಸಿದರು. ಇಳಿಜಾರಿನ ಮೇಲೆ ನೆಟ್ಟಗೆ ಎತ್ತರ ನೋಡುವಾಗ ಅಡ್ಡ ದೂರ 0.1 ತಪ್ಪಿದರೆ ಎತ್ತರ 0.058 ತಪ್ಪುತ್ತದೆ. ಡಿ.ಆರ್.ಒ. ಇದ್ದದ್ದಕ್ಕೆ ನಾನು ಬಚಾವ್. ಹೈಟ್ ಗೇಜ್ ಇಟ್ಟುಕೊಂಡು, ಬ್ಲಾಕ್ ಮೇಲೆ ಗೀರು ಹಾಕಿ ಆ ಗೀರುಗಳ ಮೇಲೆ ಎತ್ತರ ನೋಡಿದ್ದರೆ, ಗೀರು 0.2 ಆಚೀಚೆ ಆಗುವುದು ಮಾಮೂಲಿ, ಅಲ್ಲಿಗೆ ಲಿಮಿಟ್‌ನ ಕಾಲು ಭಾಗ ಗೀರಿನಲ್ಲೇ ಹೋಯಿತು. ಸೈನ್ ಬಾರ್ ಮೇಲೆ ಆ ತೊಂದರೆ ಇಲ್ಲ. ಮುಖ ಹೆಚ್ಚೂಕಡಿಮೆ ಮಟ್ಟವಾಗಿ ಮಲಗಿರುವುದರಿಂದ 80ರ ಬದಲು 80.5 ಓಡಿಸಿದರೂ ರೀಡಿಂಗ್ ಬದಲಾಗುವುದು ಎರಡು ಮೂರು ಮೈಕ್ರಾನ್. ಸ್ಕೇಲ್‌ನಲ್ಲಿ ಗುರುತು ಹಾಕಿದರೂ ನಡೆಯುತ್ತದೆ ಅನ್ನುವುದು ಇದಕ್ಕೇ.

ಎರಡೂ ವಿಧಾನಕ್ಕೆ ಕಾಟ ಕೊಡುವುದು ತಳದ ಬರ್. 90 ಎಂ.ಎಂ. ತಳದ ಒಂದು ಅಂಚಿನಲ್ಲಿ 0.05 ಬರ್ ಉಳಿದರೆ ಬ್ಲಾಕ್ ಸುಮಾರು 2 ಮಿನಿಟ್ ಎದ್ದು ಕೂರುತ್ತದೆ. ಎರಡನೇ ಬ್ಲಾಕ್ ಸೈನ್ ಬಾರ್ ಮೇಲೆ ಮೊದಲ ಸಲ 0.35 ತೋರಿಸಿತ್ತು, ಎರಡು ಮೂಲೆಗಳನ್ನು ಬೆರಳಿನಲ್ಲಿ ಒತ್ತಿದರೆ ಡಯಲ್ ಮುಳ್ಳು ಅಲ್ಲಾಡಿತು. ಎಣ್ಣೆ ಕಲ್ಲಿನಲ್ಲಿ ಅಂಚು ಉಜ್ಜಿ ಒರೆಸಿ ಇಟ್ಟ ಮೇಲೆ 0.30ಕ್ಕೆ ಇಳಿಯಿತು. ಒತ್ತಿದರೆ ಮುಳ್ಳು ಅಲ್ಲಾಡುವ ಬ್ಲಾಕಿನ ರೀಡಿಂಗ್ ಬರೆದುಕೊಳ್ಳಲೇಬೇಡಿ.

ಸಂಜೆ ಸೈನ್ ಬಾರ್ ಸಾಲ ತಂದೆ. ಉಳಿದ ನಾಲ್ಕಕ್ಕೆ ಮೊದಲು ವೈಸ್ ಸರಿ ಮಾಡಬೇಕಲ್ಲ. ವೈಸಿನ ಓರೆ ತಳದ ಮೇಲೆಯೇ ಸೈನ್ ಬಾರ್ ಉಲ್ಟಾ ದಿಕ್ಕಿಗೆ ಇಟ್ಟು, ತಗ್ಗಿನ ಕಡೆಯ ರೋಲರ್ ಕೆಳಗೆ 50 ಸ್ಲಿಪ್ ಕೊಟ್ಟು, ಜಾರದಂತೆ ಜಾ ಮೆಲ್ಲಗೆ ಮುಟ್ಟಿಸಿದೆ. ವೈಸ್ ಸರಿಯಾಗಿ 30° ಇದ್ದರೆ ಸೈನ್ ಬಾರಿನ ಮೇಲ್ಮೈ ಟೇಬಲಿಗೆ ಸಮಾಂತರ ಇರಬೇಕು. ಸ್ಪಿಂಡಲ್‌ನಲ್ಲಿ ಡಯಲ್ ಹಾಕಿ ಎಕ್ಸ್‌ನಲ್ಲಿ 80 ಓಡಿಸಿದರೆ 0.30. ಬ್ಲಾಕಿನಲ್ಲಿ ಕಂಡ ತಪ್ಪು ಅಲ್ಲೇ ಕೂತಿತ್ತು. ವೈಸಿನ ಬೋಲ್ಟ್ ಸ್ವಲ್ಪ ಸಡಿಲ ಮಾಡಿ ತಾಮ್ರದ ಸುತ್ತಿಗೆಯಲ್ಲಿ ತಟ್ಟುತ್ತಾ, ಬಿಗಿ ಮಾಡುತ್ತಾ, ಬಿಗಿ ಮಾಡುವಾಗ ಮತ್ತೆ ಐದಾರು ಗೀಟು ಓಡುವುದು, ಮತ್ತೆ ತಟ್ಟುವುದು, ಹೀಗೆ ಮುಕ್ಕಾಲು ಗಂಟೆ. ಮಧ್ಯೆ ಕರೆಂಟ್ ಬೇರೆ ಹೋಯಿತು. ಕೊನೆಗೆ 80ಕ್ಕೆ 0.02ಕ್ಕೆ ನಿಂತಿತು, ಅಂದರೆ ಒಂದು ಮಿನಿಟ್‌ಗೂ ಕಡಿಮೆ. ಅಲ್ಲಿಗೆ ಬಿಟ್ಟೆ.

ಮರುದಿನ ನಾಲ್ಕು ಬ್ಲಾಕ್ ಕಟ್ ಮಾಡಿ ಸೈನ್ ಬಾರ್ ಮೇಲೆ ನೋಡಿದರೆ 0.02, 0.03, 0.01, 0.03. ಜಾಸ್ತಿ ಅಂದರೆ 1.3 ಮಿನಿಟ್.

ಅದೇ ಡ್ರಾಯಿಂಗ್‌ನಲ್ಲಿ ತುದಿಗಳ 90°ಗೆ ಟಾಲರೆನ್ಸ್ ಬರೆದಿರಲಿಲ್ಲ, ಕೆಳಗೆ ISO 2768-m ಅಂತ ಮಾತ್ರ ಇತ್ತು, ಅಂದರೆ ಟಾಲರೆನ್ಸ್ ಬರೆಯದ ಅಳತೆಗಳಿಗೆ ಆ ಸ್ಟ್ಯಾಂಡರ್ಡಿನ ಪಟ್ಟಿ ನೋಡಬೇಕು. ಆ ಪಟ್ಟಿಯಲ್ಲಿ ಕೋನದ ಎರಡು ಬದಿಗಳಲ್ಲಿ ಯಾವುದು ಗಿಡ್ಡವೋ ಅದನ್ನು ನೋಡಿ ಸಾಲು ಆರಿಸಬೇಕು. ತೆಳು ತುದಿ 10 ಎಂ.ಎಂ., ಹಾಗಾಗಿ ±1°, ಅದರ ಎತ್ತರದಲ್ಲಿ 0.175. ದಪ್ಪ ತುದಿ 62 ಎಂ.ಎಂ., ±20', ಅಲ್ಲಿ 0.36. ಡಿಗ್ರಿಯಲ್ಲಿ ದಪ್ಪ ತುದಿಗೆ ಬಿಗಿ, ಎಂ.ಎಂ.ನಲ್ಲಿ ಸಡಿಲ. ಮೊದಲ ಸಲ ನೋಡಿದಾಗ ಪಟ್ಟಿಯನ್ನೇ ತಪ್ಪು ಪ್ರಿಂಟ್ ಮಾಡಿದ್ದಾರೆ ಅಂದುಕೊಂಡಿದ್ದೆ. ಇವೆರಡಕ್ಕೂ ರೈಟ್ ಆಂಗಲ್ ಮತ್ತು ಫೀಲರ್ ಸಾಕು.

ಇನ್ನು ಆ ಮೊದಲ ಎರಡು ಬ್ಲಾಕ್. ಡ್ರಾಯಿಂಗ್ ಪ್ರಕಾರ ಪಾಸ್, ಹಾಗೇ ಕಳಿಸಬಹುದಿತ್ತು. ಆದರೂ ಫೋನ್ ಮಾಡಿ ಈ ಇಳಿಜಾರಿನ ಮೇಲೆ ಏನು ಕೂರುತ್ತದೆ ಅಂತ ಕೇಳಿದೆ. 300 ಎಂ.ಎಂ. ಉದ್ದದ ಒಂದು ಆರ್ಮ್ ಬೋಲ್ಟ್ ಆಗುತ್ತದಂತೆ, ಅದರ ತುದಿಯಲ್ಲಿ ಲೊಕೇಟಿಂಗ್ ಪಿನ್. ಇಲ್ಲಿ ಮತ್ತೆ ಅದೇ ಲೆಕ್ಕ, ಉದ್ದ ಮಾತ್ರ ಬೇರೆ. 13 ಮಿನಿಟ್ ತಪ್ಪು 300 ಎಂ.ಎಂ. ತುದಿಯಲ್ಲಿ 1.13 ಆಗುತ್ತದೆ. ಪೂರ್ತಿ 15 ಮಿನಿಟ್ ಉಪಯೋಗಿಸಿಕೊಂಡರೆ 1.31. ಟಾಲರೆನ್ಸ್ ಕೊಟ್ಟವರು ಬ್ಲಾಕಿನ ಉದ್ದ ನೋಡಿ ಕೊಟ್ಟರೋ ಆರ್ಮಿನ ಉದ್ದ ನೋಡಿ ಕೊಟ್ಟರೋ, ಅದು ಅವರ ವಿಷಯ. ಆದರೆ ಆರರಲ್ಲಿ ನಾಲ್ಕು ಬ್ಲಾಕಿನ ಪಿನ್ ಒಂದು ಮಟ್ಟದಲ್ಲಿದ್ದು, ಎರಡು ಒಂದು ಎಂ.ಎಂ. ಆಚೆ ನಿಂತರೆ ಅಸೆಂಬ್ಲಿ ಮಾಡುವವನು ಬೈಯುವುದು ನನ್ನನ್ನೇ.

ಅದೃಷ್ಟಕ್ಕೆ ತಪ್ಪು ಕಡಿದಾದ ಕಡೆಗೇ ಇತ್ತು. ತೆಳು ತುದಿ 10.0 ಸರಿಯಾಗಿದೆ, ದಪ್ಪ ತುದಿ 61.96 ಇರಬೇಕಾದದ್ದು 62.41 ಇದೆ, ಅಂದರೆ ತೆಗೆಯಲು ಲೋಹ ಉಳಿದಿದೆ. ಕೋನ ಕಡಿಮೆಯಾಗಿದ್ದರೆ ತೆಳು ತುದಿಯನ್ನೇ ತಿನ್ನಬೇಕಾಗುತ್ತಿತ್ತು. ಸರಿ ಮಾಡಿದ ವೈಸಿಗೆ ಎರಡನ್ನೂ ಮತ್ತೆ ಹಾಕಿ, ತೆಳು ತುದಿಯಲ್ಲಿ ಕಟರ್ ಸುಮ್ನೆ ಸವರುವಂತೆ, ದಪ್ಪ ತುದಿಯಲ್ಲಿ ಮುಖಕ್ಕೆ ಲಂಬವಾಗಿ 0.39 ಹೋಗುವಂತೆ ಒಂದು ಪಾಸ್ ಹೊಡೆದೆ. ಸೈನ್ ಬಾರ್ ಮೇಲೆ 0.02 ಮತ್ತು 0.02. ಆರಕ್ಕೂ ಎಣ್ಣೆ ಸವರಿ, ಪೇಪರ್ ಸುತ್ತಿ, ಸೈನ್ ಬಾರ್ ವಾಪಸ್ ಕೊಟ್ಟು ಬಂದೆ.